ಐಪಿಒ ಬೆಲೆ ಗೊತ್ತುಮಾಡುವವರು ಯಾರು?

1993ರಲ್ಲಿ ಇನ್ಫೋಸಿಸ್ ಮೊದಲ ಬಾರಿಗೆ ಜನರಿಗೆ ಷೇರು ಮಾರಲು ಬಂದಾಗ ಬೆಲೆ ಮೊದಲೇ ನಿಗದಿಯಾಗಿತ್ತು: ಷೇರಿಗೆ 95 ರೂಪಾಯಿ. ಜನ ಅಷ್ಟಾಗಿ ಮುಂದೆ ಬರಲಿಲ್ಲ. ಮಾರ್ಗನ್ ಸ್ಟಾನ್ಲಿ ಒಂದು ದೊಡ್ಡ ಪಾಲು ಕೊಂಡಿದ್ದರಿಂದ ಐಪಿಒ ದಡ ಸೇರಿತು.

ಈಗಿನ ದೊಡ್ಡ ಕಂಪನಿಗಳು ಹೀಗೆ ಒಂದೇ ಬೆಲೆ ಹೇಳುವುದಿಲ್ಲ. ಕನಿಷ್ಠ ಮತ್ತು ಗರಿಷ್ಠ ದರವಿರುವ ಪ್ರೈಸ್ ಬ್ಯಾಂಡ್ ಪ್ರಕಟಿಸಿ, ಕನಿಷ್ಠ ಮೂರು ಕೆಲಸದ ದಿನ ಬಿಡ್ ಪಡೆಯುತ್ತವೆ. ಯಾರು ಯಾವ ದರಕ್ಕೆ ಎಷ್ಟು ಷೇರು ಕೇಳಿದರು ಎಂಬುದೆಲ್ಲ ಸೇರಿ ‘ಬುಕ್’ ಆಗುತ್ತದೆ.

ಬ್ಯಾಂಡ್ 95ರಿಂದ 100 ರೂಪಾಯಿ, ಮಾರಬೇಕಾದ ಷೇರು 6,000 ಎಂದಿಟ್ಟುಕೊಳ್ಳಿ. 100ಕ್ಕೆ 1,500, 99ಕ್ಕೆ 2,000, 98ಕ್ಕೆ 2,500 ಷೇರುಗಳಿಗೆ ಬಿಡ್ ಬಂದಿದೆ. ಮೇಲಿನಿಂದ ಕೂಡುತ್ತಾ ಬಂದರೆ 98ಕ್ಕೆ ಬರುವಷ್ಟರಲ್ಲಿ ಪೂರ್ತಿ 6,000 ಷೇರಿಗೆ ಗಿರಾಕಿ ಸಿಕ್ಕಂತಾಯಿತು. ಇದೇ ಕಟ್-ಆಫ್ ಬೆಲೆ. 100 ಕೊಡಲು ಸಿದ್ಧನಿದ್ದವನೂ 98ನ್ನೇ ಕೊಡುತ್ತಾನೆ; 97ಕ್ಕೆ ಕೇಳಿದವನಿಗೆ ಏನೂ ಇಲ್ಲ.

ಪುಸ್ತಕದ ಲೆಕ್ಕ ಇಷ್ಟು ಚೊಕ್ಕ. ಆದರೆ ಬೇಡಿಕೆಯಿರುವ ಐಪಿಒಗಳಲ್ಲಿ ಬೆಲೆ ಬಹುತೇಕ ಗರಿಷ್ಠ ದರದಲ್ಲೇ ನಿಲ್ಲುತ್ತದೆ. ಸೆಬಿ ನಿಯಮದ ಪ್ರಕಾರ ಗರಿಷ್ಠ ದರ ಕನಿಷ್ಠಕ್ಕಿಂತ ಶೇ 20ರವರೆಗೆ ಹೆಚ್ಚಿರಬಹುದು. ಕಂಪನಿಗಳು ಅಷ್ಟು ಅಂತರ ಇಡುವುದೇ ಅಪರೂಪ. ಸಣ್ಣ ಹೂಡಿಕೆದಾರರಂತೂ ದರ ಬರೆಯುವ ಬದಲು ‘ಕಟ್-ಆಫ್’ ಎಂದು ಟಿಕ್ ಮಾಡುತ್ತಾರೆ. ಅಂದರೆ ನೀವು ಯಾವ ಬೆಲೆ ಇಟ್ಟರೂ ಸರಿ ಎಂದು ಒಪ್ಪಿದಂತೆ; ಅದಕ್ಕೇ ಖಾತೆಯಲ್ಲಿ ಗರಿಷ್ಠ ದರದ ಹಣ ತಡೆಹಿಡಿಯಲಾಗುತ್ತದೆ. ನಿಜವಾದ ಚೌಕಾಸಿ ನಡೆಯುವುದು ಬ್ಯಾಂಡ್ ಪ್ರಕಟವಾಗುವ ಮುಂಚೆ, ಮರ್ಚೆಂಟ್ ಬ್ಯಾಂಕರ್‌ಗಳು ಮ್ಯೂಚುವಲ್ ಫಂಡ್, ವಿದೇಶಿ ಫಂಡ್‌ಗಳ ಬಾಗಿಲು ತಟ್ಟುವಾಗ. ಹೀಗಾಗಿ ಬುಕ್ ಹೊಸ ಬೆಲೆಯನ್ನೇನೂ ಹುಡುಕುವುದಿಲ್ಲ, ಗೊತ್ತುಮಾಡಿದ ಬೆಲೆಗೆ ಗಿರಾಕಿ ಎಷ್ಟಿದ್ದಾರೆಂದು ಎಣಿಸುತ್ತದೆ ಅಷ್ಟೇ ಎಂಬುದು ನನ್ನ ಲೆಕ್ಕ.

2021ರ ನವೆಂಬರ್‌ನಲ್ಲಿ ಬಂದ ಪೇಟಿಎಂ ಐಪಿಒ ನೋಡಿ. 18,300 ಕೋಟಿ ರೂಪಾಯಿಯ ಈ ಐಪಿಒದ ಬ್ಯಾಂಡ್ 2,080ರಿಂದ 2,150. ಶೇ 4ಕ್ಕೂ ಕಡಿಮೆ ಅಂತರ! ಬಿಡ್ ತೆರೆಯುವ ಮುನ್ನವೇ ಆ್ಯಂಕರ್ ಹೂಡಿಕೆದಾರರು 8,235 ಕೋಟಿ ಹಾಕಿದ್ದರು. ಒಟ್ಟು ಬೇಡಿಕೆ 1.89 ಪಟ್ಟು ಬಂತು, ಬೆಲೆ 2,150ಕ್ಕೆ ನಿಂತಿತು. ಲಿಸ್ಟಿಂಗ್ ದಿನವೇ ಷೇರು ಶೇ 27ರಷ್ಟು ಕುಸಿದು 1,560ರ ಆಸುಪಾಸಿಗೆ ಬಂತು.

ಎಚ್ಚರಿಕೆ ಆ ಬುಕ್‌ನಲ್ಲೇ ಇತ್ತು. ದೊಡ್ಡ ಮೊತ್ತ ಹಾಕುವ ಸಿರಿವಂತ ಹೂಡಿಕೆದಾರರ ವಿಭಾಗ ಕಾಲು ಭಾಗವೂ ತುಂಬಿರಲಿಲ್ಲ. ಅಲ್ಲಿ ಉಳಿದ ಷೇರುಗಳು ಹೆಚ್ಚು ಬೇಡಿಕೆಯಿದ್ದ ಬೇರೆ ವಿಭಾಗಗಳಿಗೆ ಹೋಗಿ, ಒಟ್ಟು ಅಂಕಿ ನೋಡಿದವರಿಗೆ ಎಲ್ಲ ಸರಿಯಿರುವಂತೆ ಕಂಡಿತು. ವಿಭಾಗವಾರು ಅಂಕಿಗಳು ಬಿಡ್ ನಡೆಯುವಾಗಲೇ ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಸಿಗುತ್ತವೆ. ಸಣ್ಣ ಹೂಡಿಕೆದಾರರು ಕೊನೆಯ ದಿನದವರೆಗೆ ಕಾದು, ಅವನ್ನು ನೋಡಿಯೇ ಬಿಡ್ ಹಾಕಬಹುದು.