ಗೋದಾಮಿನಲ್ಲಿ ಆ 31 ಕೆಪಾಸಿಟರ್ ಏಕಿರಬೇಕು?

‘ಎರಡು ವಾರದ ಮಾಲು ಯಾವಾಗಲೂ ಹೆಚ್ಚಿಗೆ ಇರಲಿ’ ಎನ್ನುವುದು ಸ್ಪೇರ್‌ಪಾರ್ಟ್ಸ್ ವ್ಯಾಪಾರದಲ್ಲಿ ಎಲ್ಲೆಲ್ಲೂ ಕೇಳಿಬರುವ ಲೆಕ್ಕ. ನೆನಪಿಡಲು ಸುಲಭ, ಆದ್ದರಿಂದಲೇ ಇಷ್ಟು ಕಾಲ ಬಾಳಿದೆ. ಆದರೆ ಅದು ವಾರಕ್ಕೆ ಎಷ್ಟು ಮಾಲು ಹೋಗುತ್ತದೆ ಎಂಬುದನ್ನಷ್ಟೇ ನೋಡುತ್ತದೆ. ಹೋಗುವ ಮಾಲು ವಾರದಿಂದ ವಾರಕ್ಕೆ ಎಷ್ಟು ಏರುಪೇರಾಗುತ್ತದೆ ಎಂಬುದನ್ನು ಕೇಳುವುದೇ ಇಲ್ಲ. ಕೈಕಾವಲಿಗೆಂದು ಇಟ್ಟುಕೊಳ್ಳುವ ಈ ಮಾಲಿಗೆ ಸೇಫ್ಟಿ ಸ್ಟಾಕ್ ಎನ್ನುತ್ತಾರೆ. ಅದು ಎಷ್ಟಿರಬೇಕು ಎಂಬುದನ್ನು ತೀರ್ಮಾನಿಸುವುದು ಆ ಏರುಪೇರೇ.

ಗದಗದಂಥ ಊರಿನಲ್ಲಿ ಒಂದು ಪಂಪ್‌ಸೆಟ್ ಸಾಮಾನಿನ ಅಂಗಡಿ ಇದೆ ಎಂದುಕೊಳ್ಳೋಣ. ಮಾಲು ಬರುವುದು ಕೊಯಮತ್ತೂರಿನಿಂದ. ಆರ್ಡರ್ ಕೊಟ್ಟ ಮೇಲೆ ಅಂಗಡಿ ತಲುಪಲು 4 ವಾರ. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿರುವ ಕೆಪಾಸಿಟರ್ ಅನ್ನೇ ತೆಗೆದುಕೊಳ್ಳಿ. ಅದು ಸುಟ್ಟರೆ ಮೋಟಾರು ಏಳುವುದಿಲ್ಲ, ಹೊಲದಲ್ಲಿ ಬೆಳೆ ನಿಂತಿರುವ ರೈತ ನಾಳೆ ಬಾ ಎಂದರೆ ಕೇಳುವುದಿಲ್ಲ. ಕಳೆದ 8 ವಾರಗಳಲ್ಲಿ ಗಿರಾಕಿಗಳು ಕೇಳಿದ ಕೆಪಾಸಿಟರ್‌ಗಳು ಹೀಗಿವೆ: 42, 55, 38, 61, 47, 50, 35, 56. ಒಟ್ಟು 384, ವಾರದ ಸರಾಸರಿ 48.

ಈಗ ಪ್ರತಿ ವಾರವೂ ಆ 48ರಿಂದ ಎಷ್ಟು ದೂರ ಸರಿದಿದೆ ಎಂದು ನೋಡಬೇಕು. ಮೊದಲ ವಾರ 6 ಕಡಿಮೆ, ಎರಡನೆಯದರಲ್ಲಿ 7 ಹೆಚ್ಚು, ನಾಲ್ಕನೆಯದರಲ್ಲಿ 13 ಹೆಚ್ಚು. ಇವನ್ನು ಹಾಗೇ ಕೂಡಿದರೆ ಹೆಚ್ಚು ಕಡಿಮೆ ಒಂದನ್ನೊಂದು ನುಂಗಿ ಸೊನ್ನೆಯಾಗುತ್ತದೆ. ಅದಕ್ಕೇ ಪ್ರತಿ ಅಂತರವನ್ನೂ ಅದರಿಂದಲೇ ಗುಣಿಸಿ ಕೂಡುತ್ತಾರೆ: ಇಲ್ಲಿ 592 ಬರುತ್ತದೆ. ವಾರಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 7ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 9.2. ಇದೇ ಮಾನಕ ವಿಚಲನೆ. ಬೇಡಿಕೆ ಸರಾಸರಿಯಿಂದ ಸಾಧಾರಣವಾಗಿ ಎಷ್ಟು ಅತ್ತಿತ್ತ ಆಡುತ್ತದೆ ಎಂಬುದನ್ನು ಈ ಒಂದು ಸಂಖ್ಯೆ ಹೇಳುತ್ತದೆ.

ಆದರೆ ಅಂಗಡಿಯವನಿಗೆ ಆತಂಕ ಒಂದು ವಾರದ್ದಲ್ಲ. ಆರ್ಡರ್ ಕೊಟ್ಟ ದಿನದಿಂದ ಲಾರಿ ಬರುವವರೆಗಿನ 4 ವಾರಗಳನ್ನು ಇರುವ ಮಾಲಿನಲ್ಲೇ ದಾಟಬೇಕು. ಆ ಅವಧಿಯ ಸರಾಸರಿ ಬೇಡಿಕೆ 48ರ ನಾಲ್ಕು ಪಟ್ಟು, ಅಂದರೆ 192. ಏರುಪೇರು ಮಾತ್ರ ನಾಲ್ಕು ಪಟ್ಟಾಗುವುದಿಲ್ಲ. ಒಂದು ವಾರ ಜೋರಾಗಿ ಹೋದರೆ ಇನ್ನೊಂದು ವಾರ ಮಂದವಾಗಿ ಹೋಗಿ ಅಷ್ಟಿಷ್ಟು ಸರಿದೂಗಿಸುತ್ತದೆ. ಹಾಗಾಗಿ ಅದು ವಾರಗಳ ವರ್ಗಮೂಲದಷ್ಟು, ಅಂದರೆ ಎರಡೇ ಪಟ್ಟು ಬೆಳೆದು 18.4 ಆಗುತ್ತದೆ. ಇದು ನಿಜವಾಗಬೇಕಾದರೆ ಒಂದು ವಾರದ ಬೇಡಿಕೆಗೂ ಮುಂದಿನದಕ್ಕೂ ನಂಟಿರಬಾರದು. ತಿಂಗಳಿಡೀ ವೋಲ್ಟೇಜ್ ಏರಿಳಿದು ವಾರವಾರವೂ ಕೆಪಾಸಿಟರ್ ಸುಡುತ್ತಿದ್ದರೆ ಸರಿದೂಗಿಸಲು ಮಂದ ವಾರವೇ ಬರುವುದಿಲ್ಲ. ಆಗ ಈ ಸೂತ್ರ ಕಡಿಮೆ ಹೇಳುತ್ತದೆ.

ಇನ್ನು ಅಂಗಡಿಯವನು ತೀರ್ಮಾನಿಸಬೇಕಾದದ್ದು ಒಂದೇ: ಆರ್ಡರ್ ಕೊಟ್ಟು ಕಾಯುವ ಪ್ರತಿ ಸುತ್ತಿನಲ್ಲೂ ಮಾಲು ಖಾಲಿಯಾಗದೆ ಉಳಿಯುವ ಭರವಸೆ ಎಷ್ಟಿರಬೇಕು? ಇದೇ ಸರ್ವಿಸ್ ಲೆವೆಲ್. ಬೇಡಿಕೆಯ ಹಂಚಿಕೆ ಗಂಟೆಯಾಕಾರದ ರೇಖೆಯನ್ನು ಅನುಸರಿಸುತ್ತದೆ ಎಂದು ಒಪ್ಪಿದರೆ, ಪ್ರತಿ ಭರವಸೆಗೂ ಒಂದು ಗುಣಕವಿದೆ. ಶೇ 90ಕ್ಕೆ 1.28, ಶೇ 95ಕ್ಕೆ 1.65, ಶೇ 99ಕ್ಕೆ 2.33. ಆ ಗುಣಕವನ್ನು 18.4ರಿಂದ ಗುಣಿಸಿದರೆ ಸೇಫ್ಟಿ ಸ್ಟಾಕ್ ಸಿಗುತ್ತದೆ. ಎಕ್ಸೆಲ್‌ನಲ್ಲಿ 8 ವಾರಗಳ ಅಂಕಿಗಳನ್ನು A2ರಿಂದ A9ರವರೆಗೆ ಬರೆದಿದ್ದರೆ ಒಂದೇ ಸಾಲು ಸಾಕು:

```
=NORM.S.INV(0.95)*STDEV.S(A2:A9)*SQRT(4)
```

ಉತ್ತರ 30ರ ಮೇಲೆ ಸ್ವಲ್ಪ ಬರುತ್ತದೆ, 31 ಎಂದು ಮೇಲಕ್ಕೆ ಏರಿಸಿಕೊಳ್ಳಿ. ಅಂಗಡಿಯಲ್ಲಿ ಇರುವುದು, ದಾರಿಯಲ್ಲಿರುವುದು ಎರಡೂ ಸೇರಿ 192ಕ್ಕೆ 31 ಕೂಡಿಸಿದ 223ಕ್ಕೆ ಇಳಿದ ದಿನ ಹೊಸ ಆರ್ಡರ್ ಹೊರಡಬೇಕು. ಇದೇ ಶೇ 90 ಸಾಕೆಂದರೆ 24 ಸಾಲುತ್ತಿತ್ತು, ಶೇ 99 ಬೇಕೆಂದರೆ 43 ಆಗುತ್ತದೆ, ಶೇ 99.9 ಎಂದರೆ 57. ಕೊನೆಯ ಆ ಮೆಟ್ಟಿಲನ್ನು ಗಮನಿಸಿ: ಶೇಕಡ ಒಂದಕ್ಕೂ ಕಡಿಮೆ ಭರವಸೆ ಹೆಚ್ಚಿಸಲು 14 ಕೆಪಾಸಿಟರ್‌ಗಳ ಬಂಡವಾಳ. ಶೇ 100 ಎಂಬ ಮಾತಿಗಂತೂ ಈ ಲೆಕ್ಕದಲ್ಲಿ ಉತ್ತರವೇ ಇಲ್ಲ.

ಈಗ ಎರಡು ವಾರದ ಹಳೆಯ ಲೆಕ್ಕಕ್ಕೆ ಹಿಂತಿರುಗಿದರೆ, ಅದು 96 ಕೆಪಾಸಿಟರ್ ಇಡು ಎನ್ನುತ್ತಿತ್ತು. ಬೇಕಿದ್ದದ್ದರ ಮೂರು ಪಟ್ಟು. ಅದೇ ಅಂಗಡಿಯಲ್ಲಿ ಪಿವಿಸಿ ಎಲ್ಬೋ ಕೂಡ ವಾರಕ್ಕೆ ಸರಾಸರಿ 48 ಹೋಗುತ್ತದೆ ಎನ್ನಿ. ಆದರೆ ಅದನ್ನು ಒಮ್ಮೆ ಹತ್ತು ಕೇಳುತ್ತಾರೆ, ಇನ್ನೊಮ್ಮೆ ಗುತ್ತಿಗೆದಾರರೊಬ್ಬರು ಬಂದು ನೂರು ಒಯ್ಯುತ್ತಾರೆ, ಮಾನಕ ವಿಚಲನೆ 35. ಅದೇ ಶೇ 95ಕ್ಕೆ ಅಲ್ಲಿ ಹತ್ತಿರಹತ್ತಿರ 116 ಇರಬೇಕು. ಒಂದೇ ನಿಯಮ ಒಂದು ಕಪಾಟಿನಲ್ಲಿ ದುಡ್ಡು ಕೊಳೆಸುತ್ತದೆ, ಪಕ್ಕದ ಕಪಾಟಿನಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುತ್ತದೆ.

ಅನೇಕರು ಎಡವುವುದು ಆ ಶೇ 95ರ ಅರ್ಥದಲ್ಲಿ. ನೂರು ಗಿರಾಕಿಗಳಲ್ಲಿ ಐದು ಮಂದಿಗೆ ಇಲ್ಲ ಎನ್ನಬೇಕಾಗುತ್ತದೆ ಎಂದಲ್ಲ. ಇಪ್ಪತ್ತು ಆರ್ಡರ್ ಸುತ್ತುಗಳಲ್ಲಿ ಸುಮಾರು ಒಂದರಲ್ಲಿ ಲಾರಿ ಬರುವ ಮೊದಲು ಮಾಲು ಮುಗಿಯಬಹುದು ಎಂದು. ಒಂದು ಸಲಕ್ಕೆ 240 ತರಿಸುವ ಅಂಗಡಿಗೆ ಒಂದು ಸುತ್ತು ಎಂದರೆ 5 ವಾರ, ಇಪ್ಪತ್ತು ಸುತ್ತು ಎಂದರೆ ಸುಮಾರು ಎರಡು ವರ್ಷ. ಇನ್ನೊಂದು ಲೆಕ್ಕ ನೋಡಿದರೆ ಅಚ್ಚರಿಯಾಗುತ್ತದೆ. ಸೇಫ್ಟಿ ಸ್ಟಾಕೇ ಇಡದಿದ್ದರೆ ಅರ್ಧದಷ್ಟು ಸುತ್ತುಗಳಲ್ಲಿ ಮಾಲು ಖಾಲಿಯಾಗುತ್ತದೆ. ಆದರೂ ಎಲ್ಲ ಸುತ್ತುಗಳನ್ನೂ ಸೇರಿಸಿ ನೋಡಿದರೆ ಸುತ್ತಿಗೆ ಸರಾಸರಿ 7 ಕೆಪಾಸಿಟರ್‌ಗಳಷ್ಟೇ ಕೊರತೆ. 240ರಲ್ಲಿ 7 ಎಂದರೆ ಶೇ 3. ಅಂದರೆ ಶೇ 97ರಷ್ಟು ಬೇಡಿಕೆ ಹೇಗೂ ಪೂರೈಕೆಯಾಗುತ್ತದೆ. ‘ನಮ್ಮದು ಶೇ 97’ ಎಂದು ಯಾರಾದರೂ ಹೇಳಿದಾಗ ಸುತ್ತುಗಳ ಲೆಕ್ಕವೋ ಕೆಪಾಸಿಟರ್‌ಗಳ ಲೆಕ್ಕವೋ ಎಂದು ಮೊದಲು ಕೇಳುವುದು ಒಳ್ಳೆಯದು. ವಾರವಾರ ಚೂರುಚೂರೇ ತರಿಸುವವರಿಗೆ ಈ ಎರಡರ ನಡುವಿನ ಅಂತರ ಕಿರಿದಾಗುತ್ತದೆ, ಏಕೆಂದರೆ ಮಾಲು ತಳ ಮುಟ್ಟುವ ಗಳಿಗೆ ಮತ್ತೆಮತ್ತೆ ಬರುತ್ತದೆ.

ಸೂತ್ರಕ್ಕೆ ಕೊಡುವ ಅಂಕಿಗಳ ಬಗ್ಗೆಯೂ ಎಚ್ಚರ ಬೇಕು. ಬಿಲ್ ಪುಸ್ತಕದಲ್ಲಿರುವುದು ಮಾರಾಟ, ಬೇಡಿಕೆಯಲ್ಲ. ಆ 35ರ ವಾರದಲ್ಲಿ ಗುರುವಾರಕ್ಕೇ ಕಪಾಟು ಬರಿದಾಗಿದ್ದರೆ ನಿಜವಾದ ಕೇಳಿಕೆ 50 ಇದ್ದಿರಬಹುದು. ಆಗ ಸರಾಸರಿ ಕೆಳಗಿಳಿಯುತ್ತದೆ, ಆರ್ಡರ್ ಚಿಕ್ಕದಾಗುತ್ತದೆ, ಕೊರತೆ ಮರುಕಳಿಸುತ್ತದೆ. ಇಲ್ಲ ಎಂದು ಕಳಿಸಿದ ಪ್ರತಿ ಕೇಳಿಕೆಗೂ ಒಂದು ಗೆರೆ ಎಳೆಯುವ ಚೀಟಿ ಗಲ್ಲಾದ ಪಕ್ಕದಲ್ಲಿದ್ದರೆ ಈ ತಪ್ಪು ಬಯಲಾಗುತ್ತದೆ. ಹಾಗೆಯೇ ಬೇಸಿಗೆಯ ಭರಾಟೆ, ಮಳೆಗಾಲದ ಮಂದಗತಿ ಎರಡನ್ನೂ ಬೆರೆಸಿ ಮಾನಕ ವಿಚಲನೆ ತೆಗೆದರೆ ಸಂಖ್ಯೆ ಸುಮ್ಮನೆ ಉಬ್ಬುತ್ತದೆ. ಮಾರ್ಚ್ ಬಂದರೆ ಬೇಡಿಕೆ ಏರುತ್ತದೆ ಎಂಬುದು ಅಂಗಡಿಯವನಿಗೆ ಮೊದಲೇ ಗೊತ್ತು. ಆ ವಾರಕ್ಕೆ ಅವನು ಅಂದಾಜಿಸಿದ್ದಕ್ಕೂ ನಿಜಕ್ಕೂ ನಡುವಿನ ಅಂತರವನ್ನು ಅಳೆಯಬೇಕು, ಮಾನಕ ವಿಚಲನೆ ಅದರದ್ದೇ ಆಗಬೇಕು.

ಇಲ್ಲಿಯವರೆಗೆ ಲಾರಿ ಸರಿಯಾಗಿ ನಾಲ್ಕನೇ ವಾರಕ್ಕೆ ಬರುತ್ತದೆ ಎಂದುಕೊಂಡಿದ್ದೆವು. ಅದರ ಬರುವಿಕೆಯಲ್ಲೂ ಅರ್ಧ ವಾರದ ಮಾನಕ ವಿಚಲನೆ ಇದ್ದರೆ, 48ರ ಅರ್ಧದಷ್ಟು, ಅಂದರೆ 24 ಕೆಪಾಸಿಟರ್‌ಗಳ ಹೊಸ ಏರುಪೇರು ಬಂದು ಸೇರುತ್ತದೆ. 18.4 ಮತ್ತು 24 ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 30.2. ಅದೇ ಶೇ 95ಕ್ಕೆ ಸೇಫ್ಟಿ ಸ್ಟಾಕ್ 31ರಿಂದ 50ಕ್ಕೆ ಏರುತ್ತದೆ. ಇಂಥ ಅಂಗಡಿಯವನು ಹೆಚ್ಚು ಮಾಲು ಕೊಂಡಿಡುವ ಮೊದಲು ಟ್ರಾನ್ಸ್‌ಪೋರ್ಟ್‌ನವರ ಜೊತೆ ಕೂತು ಮಾತಾಡುವುದು ಅಗ್ಗ.