ಕರಡು ವೇತನನಿಯಮಗಳು ಮತ್ತು ವಿಕಿಯ ಪುಟನಿರ್ಬಂಧ

ತಂಡದ ವಿಕಿಯೆಂಬುದು ಸ್ವಭಾವತಃ ತೆರೆದ ಕಡತ. ಅದರಲ್ಲಿ ಕೆಲವು ಪುಟಗಳನ್ನು ಮಾತ್ರ ಸಿಬ್ಬಂದಿ ವಿಭಾಗಕ್ಕೆ ಮೀಸಲಿಡುವ ಬಗೆಯನ್ನು ಕಾನ್‌ಫ್ಲುಯೆನ್ಸ್ ತಂತ್ರಾಂಶದ ಆಧಾರದಿಂದ ಇಲ್ಲಿ ವಿವರಿಸುತ್ತೇವೆ.

ಗೊಟಗೋಡಿಯ ಒಂದು ಸಂಸ್ಥೆಯಲ್ಲಿ ಅತಿಥಿ ಉಪನ್ಯಾಸಕರ ಗೌರವಧನದ ಕರಡು ಸಿದ್ಧವಾಗುತ್ತಿದೆಯೆಂದು ಕಲ್ಪಿಸಿಕೊಳ್ಳೋಣ. ಕರಡಿನ ಅಂಕಿಗಳು ಮೊದಲೇ ಹೊರಬಿದ್ದರೆ, ಅವುಗಳನ್ನೇ ಅಂತಿಮ ನಿರ್ಣಯವೆಂದು ಜನ ಭಾವಿಸುವರು. ಆದುದರಿಂದ ಮೊದಲು ‘ವೇತನ ಕರಡು’ ಎಂಬ ಮಾತೃಪುಟವೊಂದನ್ನು ರಚಿಸಿ, ಅದರ Restrictions ಎಂಬಲ್ಲಿ ನೋಡುವ ಹಕ್ಕನ್ನು ಸಿಬ್ಬಂದಿ ವಿಭಾಗದ ಗುಂಪಿಗಷ್ಟೇ ಕೊಡಬೇಕು. ವ್ಯಕ್ತಿಗಳ ಹೆಸರಿಗಿಂತ ಗುಂಪಿನ ಹೆಸರು ಲೇಸು. ಒಬ್ಬರು ವರ್ಗವಾಗಿ ಹೋದಾಗ ಅವರನ್ನು ಗುಂಪಿನಿಂದ ತೆಗೆದರೆ ಸಾಕು. ಬಳಿಕ ಕೋಷ್ಟಕ, ಟಿಪ್ಪಣಿಗಳನ್ನು ಆ ಪುಟದ ಕೆಳಗೆ ಬರೆದರೆ ನೋಟದ ನಿರ್ಬಂಧವು ಅವಕ್ಕೂ ಇಳಿದುಬರುತ್ತದೆ.

ಅಪಾಯವಿರುವುದೂ ಈ ಗುಣದಲ್ಲಿಯೇ. ಕೋಷ್ಟಕದ ಪುಟವನ್ನು ಯಾರಾದರೂ ‘ಸುತ್ತೋಲೆಗಳು’ ಎಂಬ ತೆರೆದ ಪುಟದ ಕೆಳಕ್ಕೆ ಸಾಗಿಸಿದರೆ, ಇಳಿದುಬಂದ ನಿರ್ಬಂಧವು ಸದ್ದಿಲ್ಲದೆ ಅಳಿಯುತ್ತದೆ. ಅಂಕಿಗಳಿರುವ ಪುಟಕ್ಕೆ ಸ್ವಂತ ನಿರ್ಬಂಧವನ್ನೂ ಹಾಕಿಡುವುದು ಕ್ಷೇಮಕರ. ಪರೀಕ್ಷಿಸಲು ಕರಡು ಬರೆದವರ ಖಾತೆ ಸಾಲದು. ಅವರಿಗೆ ಎಲ್ಲವೂ ಕಾಣುತ್ತದೆ. ಗುಂಪಿಗೆ ಸೇರದ ಸಹೋದ್ಯೋಗಿಯೊಬ್ಬರು ತಮ್ಮ ಖಾತೆಯಿಂದ ಪುಟದ ವಿಳಾಸವನ್ನು ತೆರೆದು, ಶೀರ್ಷಿಕೆಯನ್ನು ಹುಡುಕಿಯೂ ನೋಡಬೇಕು.

ಈ ಬೀಗಕ್ಕೆ ಮಿತಿಗಳುಂಟು. ಆಡಳಿತಾಧಿಕಾರವುಳ್ಳವರು ನಿರ್ಬಂಧವನ್ನು ತೆಗೆಯಬಲ್ಲರು, ನೋಡಬಲ್ಲವರು ನಕಲಿಸಿಕೊಳ್ಳಬಲ್ಲರು. ಮೀಡಿಯಾವಿಕಿಯಂತೂ ಪುಟವಾರು ಗೋಪ್ಯತೆಗಾಗಿ ರಚಿತವಾದುದಲ್ಲ. ಅದನ್ನು ಬಳಸುವ ಕಡೆ ಇಂಥ ಕರಡುಗಳಿಗೆ ಪ್ರತ್ಯೇಕ ವಿಕಿಯನ್ನೇ ಸ್ಥಾಪಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.