‘ಅಣ್ಣಾ, ಓಪನ್ ಇದ್ಯಾ?’ಗೆ ಮಷೀನ್ ಉತ್ತರ ಕೊಡಲಿ, ಉಳಿದಿದ್ದಕ್ಕೆ ಮನುಷ್ಯ ಬರಲಿ

ಇವತ್ತಿನ ಎಪಿಸೋಡ್ ಅಂಗಡಿ ಇಟ್ಕೊಂಡಿರೋರಿಗೆ, ಅಂಗಡಿಗೆ ಮೆಸೇಜ್ ಹಾಕಿ ಕಾಯೋರಿಗೆ, ಇಬ್ಬರಿಗೂ.

ಪೀಣ್ಯದಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿ ಇದೆ ಅಂದ್ಕೊಳ್ಳಿ. ಬೆಳಿಗ್ಗೆ 10ರಿಂದ ರಾತ್ರಿ 9, ಭಾನುವಾರ ರಜೆ. ಗಿರಾಕಿಗಳಲ್ಲಿ ಹೆಚ್ಚಿನೋರು ಶಿಫ್ಟ್ ಕೆಲಸದೋರು. ಅವರು ಮೆಸೇಜ್ ಹಾಕೋದು ಟೀ ಬ್ರೇಕಲ್ಲಿ, ಇಲ್ಲಾ ರಾತ್ರಿ ಶಿಫ್ಟ್ ಮುಗಿದ ಮೇಲೆ. ಕೇಳೋದು ಎರಡೇ: ಓಪನ್ ಇದ್ಯಾ? ಎಷ್ಟಾಗುತ್ತೆ?

ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಗ್ರೀಟಿಂಗ್ ಮೆಸೇಜ್ ಅಂತ ಇದೆ. ಆದರೆ ಅದು ಹೋಗೋದು ಮೊದಲ ಸಲ ಮೆಸೇಜ್ ಮಾಡಿದೋರಿಗೆ, ಅಥವಾ 14 ದಿನ ಮಾತಿಲ್ಲದೆ ಇದ್ದು ಮತ್ತೆ ಬಂದೋರಿಗೆ ಮಾತ್ರ. ವಾರಕ್ಕೊಮ್ಮೆ ಕೇಳೋ ಗಿರಾಕಿಗೆ ಅದು ಹೋಗಲ್ಲ. ಪ್ರತಿ ಸಲ ಬಟನ್ ತೋರಿಸಿ ಉತ್ತರ ಕೊಡಬೇಕು ಅಂದ್ರೆ ಮೆಟಾದವರ ವಾಟ್ಸಾಪ್ ಬಿಸಿನೆಸ್ ಪ್ಲಾಟ್‌ಫಾರ್ಮ್ ಬೇಕು. ಅಲ್ಲಿ ಒಂದು ಮೆಸೇಜಿಗೆ ಮೂರು ರಿಪ್ಲೈ ಬಟನ್ ಇಡಬಹುದು. ನಮಗೂ ಮೂರೇ ಸಾಕು: ‘ಅಂಗಡಿ ಟೈಮ್’, ‘ರೇಟ್’, ‘ಅಂಗಡಿಯವರ ಜೊತೆ ಮಾತು’.

ಬಟನ್ ಯಾಕೆ? ಜನ eshtu ಅಂತಾರೆ, yeshtu ಅಂತಾರೆ, rate ಅಂತಾರೆ, kitna ಅಂತಾರೆ. ಪದ ಹಿಡಿದು ಅರ್ಥ ಮಾಡ್ಕೊಳ್ಳೋ ಫ್ಲೋ ಇಲ್ಲೇ ಎಡವುತ್ತೆ. ಬಟನ್ ಒತ್ತಿದ್ರೆ ಆ ಗೊಂದಲ ಇಲ್ಲ.

ಮೊದಲು ಟೈಮ್. ಇಡೀ ವಾರದ ಪಟ್ಟಿ ಕಳಿಸಬೇಡಿ. ‘ಈಗ ಓಪನ್ ಇದೆ. ರಾತ್ರಿ 9ಕ್ಕೆ ಕ್ಲೋಸ್. ರಿಪೇರಿಗೆ ಫೋನ್ ತಗೊಳ್ಳೋದು 8ರವರೆಗೆ’ ಅನ್ನಿ. ಕೊನೇ ವಾಕ್ಯನೇ ಮುಖ್ಯ. ಎಂಟೂವರೆಗೆ ಬಸ್ ಹತ್ತಿ ಬಂದೋನಿಗೆ ಬಾಗಿಲು ತೆರೆದಿದ್ರೂ ಕೆಲಸ ಆಗಲ್ಲ. ಇನ್ನೊಂದು, ಆಯುಧಪೂಜೆ ಥರದ ದಿನ ಪೀಣ್ಯದ ಲೆಕ್ಕನೇ ಬೇರೆ. ಅದಕ್ಕೆ ‘ಇವತ್ತಿನ ಬದಲಾವಣೆ’ ಅಂತ ಒಂದೇ ಜಾಗ ಇಡಿ. ಅಲ್ಲಿ ಏನಾದ್ರೂ ಬರೆದಿದ್ರೆ ಫ್ಲೋ ಅದನ್ನೇ ಹೇಳಲಿ, ಮಾಮೂಲಿ ಟೈಮ್ ಹೇಳೋದು ಬೇಡ.

ಆಮೇಲೆ ರೇಟ್. ಟೆಂಪರ್ಡ್ ಗ್ಲಾಸ್, ಬ್ಯಾಕ್ ಕವರ್, ಚಾರ್ಜರ್ ಇಂಥ ಫಿಕ್ಸೆಡ್ ರೇಟ್ ಇರೋದನ್ನ ಮಷೀನ್ ಹೇಳಲಿ. ಡಿಸ್‌ಪ್ಲೇ ಹೋಗಿದೆ, ನೀರು ಬಿದ್ದಿದೆ ಅನ್ನೋದಕ್ಕೆ ಮಾಡೆಲ್ ನೋಡದೆ ರೇಟ್ ಹೇಳಿದ್ರೆ ಕೌಂಟರ್‌ನಲ್ಲಿ ಜಗಳ ಗ್ಯಾರಂಟಿ. ಅಲ್ಲಿ ಮಷೀನ್ ಎರಡೇ ಪ್ರಶ್ನೆ ಕೇಳಲಿ: ಯಾವ ಮಾಡೆಲ್? ಏನಾಗಿದೆ? ಆ ಎರಡು ಉತ್ತರದ ಜೊತೆ ಚಾಟ್ ಅಂಗಡಿಯವರ ಕೈಗೆ ಹೋಗಲಿ. ಫೋಟೋ ಬಂದ್ರೆ, ವಾಯ್ಸ್ ನೋಟ್ ಬಂದ್ರೆ, ಎರಡು ಸಲ ಅರ್ಥ ಆಗದೆ ಹೋದ್ರೆ, ಆಗಲೂ ನೇರ ಮನುಷ್ಯನಿಗೇ. ಇದು ಬರೀ ಮರ್ಯಾದೆಯ ಮಾತಲ್ಲ. ಆಟೋಮೇಷನ್ ಬಳಸೋರು ಮನುಷ್ಯರನ್ನ ತಲುಪೋಕೆ ಸ್ಪಷ್ಟ ದಾರಿ ಕೊಡಬೇಕು ಅನ್ನೋದು ವಾಟ್ಸಾಪ್ ಪಾಲಿಸಿಯಲ್ಲೇ ಇದೆ.

ಚಾಟ್ ಮನುಷ್ಯನ ಕೈಗೆ ಹೋದ ಕ್ಷಣದಿಂದ ಮಷೀನ್ ಬಾಯಿ ಮುಚ್ಕೊಂಡಿರಬೇಕು. ಇಲ್ಲಾಂದ್ರೆ ಅಂಗಡಿಯವರು ರೇಟ್ ಮಾತಾಡ್ತಿರೋವಾಗ, ಗಿರಾಕಿ ‘ಸರಿ ಅಣ್ಣಾ’ ಅಂದ ತಕ್ಷಣ ‘ನಮಸ್ಕಾರ, ಒಂದು ಬಟನ್ ಒತ್ತಿ’ ಅಂತ ಬರುತ್ತೆ. ಹಾಗಾಗಿ ಪ್ರತಿ ಚಾಟ್‌ಗೂ ಒಂದು ಗುರುತು ಇರಲಿ: ಮಷೀನ್, ಕಾಯ್ತಿದೆ, ಮನುಷ್ಯ. ಅಂಗಡಿಯವರು ‘ಮುಗೀತು’ ಅಂತ ಒತ್ತಿದ ಮೇಲಷ್ಟೇ ಚಾಟ್ ವಾಪಸ್ ಮಷೀನಿಗೆ.

ಈಗ ನಿಜವಾದ ತೊಡಕು. ಶನಿವಾರ ರಾತ್ರಿ 9.30ಕ್ಕೆ ಒಬ್ಬರು ಡಿಸ್‌ಪ್ಲೇ ರೇಟ್ ಕೇಳಿದ್ರು. ಚಾಟ್ ‘ಕಾಯ್ತಿದೆ’ಗೆ ಹೋಯ್ತು. ಸೋಮವಾರ 10ಕ್ಕೆ ಅಂಗಡಿಯವರು ಉತ್ತರ ಟೈಪ್ ಮಾಡಿದ್ರೆ ಹೋಗಲ್ಲ. ಯಾಕಂದ್ರೆ ಪ್ಲಾಟ್‌ಫಾರ್ಮ್‌ನಲ್ಲಿ ಗಿರಾಕಿಯ ಕೊನೇ ಮೆಸೇಜಿಂದ 24 ಗಂಟೆ ಮಾತ್ರ ಮಾಮೂಲಿ ಮೆಸೇಜ್ ಕಳಿಸಬಹುದು. ಅದು ಭಾನುವಾರ ರಾತ್ರಿ 9.30ಕ್ಕೇ ಮುಗೀತು. ಮಷೀನ್ ಉತ್ತರ ಕೊಟ್ಟಿದೆ ಅಂತ ಆ ಗಡಿಯಾರ ಮತ್ತೆ ಶುರು ಆಗಲ್ಲ. ಆಮೇಲೆ ಹೋಗೋದು ಮೊದಲೇ ಅಪ್ರೂವ್ ಆಗಿರೋ ಟೆಂಪ್ಲೇಟ್ ಮೆಸೇಜ್ ಮಾತ್ರ. ಗಿರಾಕಿ ಅದಕ್ಕೆ ರಿಪ್ಲೈ ಮಾಡಿದ್ರೆ ಮಾತು ಮತ್ತೆ ತೆರೆಯುತ್ತೆ.

ಹಾಗಾಗಿ ‘ಶೀಘ್ರದಲ್ಲೇ ಸಂಪರ್ಕಿಸುತ್ತೇವೆ’ ಅನ್ನೋ ವಾಕ್ಯ ತೆಗೆದುಹಾಕಿ. ‘ನಾಳೆ ರಜೆ. ಸಂಜೆ 6ಕ್ಕೆ ಒಮ್ಮೆ ನೋಡಿ ಉತ್ತರ ಕೊಡ್ತೀವಿ. ಅರ್ಜೆಂಟ್ ಇದ್ರೆ ಈ ನಂಬರಿಗೆ ಕಾಲ್ ಮಾಡಿ’ ಅನ್ನಿ. ಭಾನುವಾರ ಸಂಜೆ ಹತ್ತು ನಿಮಿಷ ಯಾರು ಕೂತು ನೋಡ್ತಾರೆ ಅನ್ನೋದನ್ನ ಮನೇಲೋ ಅಂಗಡೀಲೋ ಮೊದಲೇ ತೀರ್ಮಾನ ಮಾಡಿ. ಆ ಒಬ್ಬರು ಇಲ್ಲ ಅಂದ್ರೆ ಮೂರನೇ ಬಟನ್‌ಗೆ ಅರ್ಥನೇ ಇಲ್ಲ.

ಫ್ಲೋ ಸರಿ ಇದ್ಯಾ ಅಂತ ತಿಳಿಯೋದು ಸುಲಭ. ರಾತ್ರಿ ಷಟರ್ ಎಳೆಯೋ ಮುಂಚೆ ಚಾಟ್‌ಗಳನ್ನ ಒಂದ್ಸಲ ನೋಡಿ. ಮಷೀನ್ ಉತ್ತರ ಆದ್ಮೇಲೆ ‘hello??’ ಅಂತ ಬಂದಿದ್ಯಾ? ಒಬ್ಬರೇ ಒಂದೇ ಬಟನ್ ಎರಡು ಸಲ ಒತ್ತಿದ್ದಾರಾ? ಹಾಗಾಗಿದ್ರೆ ಅವರಿಗೆ ಬೇಕಿದ್ದ ಉತ್ತರ ಅಲ್ಲಿಲ್ಲ. ಮರುದಿನ ತಿದ್ದಬೇಕಿರೋದು ಆ ಒಂದು ಉತ್ತರವನ್ನ.